ಹಿತ್ತಿಲ ಪದ: ಏಳು ಮಡಿ, ಏಳು ವಾರ

ಅಕ್ಕಂದಿರೇ, ಅತ್ತೆಯರೇ, ಈ ವರ್ಷ ಸಂಘಕ್ಕೆ ಸೇರಿದ ಸೊಸೆಯಂದಿರೇ, ಎಲ್ಲರೂ ಕೂತಾಯ್ತಾ? ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ.

ಹೋದ ವರ್ಷದ ತರಬೇತಿಯಲ್ಲಿ ನಾಲ್ಕು ಪುಟದ ಕಾಗದ ಹಂಚಿದ್ದೆ, ನೆನಪಿದೆಯಾ? ಮೂರೇ ದಿನಕ್ಕೆ ಅದೇ ಕಾಗದದಲ್ಲಿ ಕರಿಬೇವು ಸುತ್ತಿಕೊಂಡು ನಿಮ್ಮಲ್ಲೇ ಒಬ್ಬರು ನಮ್ಮನೆಗೆ ತಂದುಕೊಟ್ಟರು. ತಪ್ಪು ನಿಮ್ಮದಲ್ಲ. ಕಳೆ ಕೀಳುವಾಗ ಕೈಯಲ್ಲಿ ಕಾಗದ ಹಿಡಿಯೋಕಾಗುತ್ತಾ? ಅದಕ್ಕೆ ಈ ಸಲ ಪದ ಕಟ್ಟಿಕೊಂಡು ಬಂದಿದ್ದೇನೆ. ನಾನು ಒಂದು ಸಾಲು ಹೇಳ್ತೇನೆ, ನೀವು ಅದನ್ನೇ ತಿರುಗಿ ಹೇಳಿ. ರಾಗ ನಿಮಗೆ ಬಿಟ್ಟದ್ದು, ರಾಗಿ ಬೀಸುವಾಗ ಅಜ್ಜಿ ಹೇಳ್ತಿದ್ದ ರಾಗವೇ ಆದೀತು. ಪಲ್ಲವಿ ಮಾತ್ರ ಎಲ್ಲರೂ ಒಟ್ಟಿಗೆ, ಜೋರಾಗಿ:

ವಾರಕ್ಕೆ ಒಂದೇ ಮಡಿ ಅಕ್ಕ, ವಾರಕ್ಕೆ ಒಂದೇ ಮಡಿ,
ಪೊಟ್ಟಣ ಪೂರ್ತಿ ಸುರಿಯಬೇಡ, ನಾಳೆಗೂ ಒಂದಿಷ್ಟು ಹಿಡಿ.

ಇದನ್ನೇ ಯಾಕೆ ಪಲ್ಲವಿ ಮಾಡಿದೆ ಅಂದರೆ, ನಾನು ಕೆಟ್ಟದ್ದು ಇಲ್ಲೇ. ಮೊದಲ ವರ್ಷ ಬೀಜ ಸಿಕ್ಕಿದ ಖುಷಿಗೆ ಹರಿವೆ ಪೊಟ್ಟಣ ಒಂದೇ ದಿನ ಖಾಲಿ ಮಾಡಿದೆ. ತಿಂಗಳಾದ ಮೇಲೆ ಹರಿವೆ ಸಾರು, ಹರಿವೆ ಪಲ್ಯ, ಹರಿವೆ ಬಸ್ಸಾರು, ಆರನೇ ದಿನ ನಮ್ಮನೆಯವರು ತಟ್ಟೆ ನೋಡಿ "ಇವತ್ತೂ ಅದೇನಾ?" ಅಂದರು, ಉಳಿದಿದ್ದನ್ನು ಎಮ್ಮೆ ತಿಂತು, ಆಮೇಲೆ ಎರಡು ತಿಂಗಳು ಹಿತ್ತಿಲು ಬರಿದು, ನಾನು ಮತ್ತೆ ಸಂತೆಗೆ. ಹಾಗಾಗಬಾರದು.

ಮೊದಲು ಜಾಗ.

ಹಿತ್ತಿಲಲಿ ನಿಂತು ನೋಡಕ್ಕ ಬಿಸಿಲೆಲ್ಲಿ ಬೀಳುತ್ತದೆ,
ಹತ್ತು ಗಂಟೆಯ ನೆರಳು ಯಾವ ಕಡೆ ವಾಲುತ್ತದೆ.
ಆರು ತಾಸು ಬಿಸಿಲು ಬೇಕು ಕಾಯಿ ಕಟ್ಟುವ ಗಿಡಕ್ಕೆ,
ಮೂರು ತಾಸೇ ಸಾಕು ತಾಯಿ ಪುದೀನದ ಬುಡಕ್ಕೆ.
ನುಗ್ಗೆ, ಪಪ್ಪಾಯಿ, ಕರಿಬೇವೆಲ್ಲ ಬಡಗಣ ಬೇಲಿಗೆ,
ತಗ್ಗಿನ ಗಿಡಕೆ ನೆರಳಾಗದಂತೆ ದೂರದ ಸಾಲಿಗೆ.

ಬಡಗಣ ಅಂದರೆ ಉತ್ತರ. ವರ್ಷದ ಹೆಚ್ಚು ದಿನ ಬಿಸಿಲು ತೆಂಕಲಿಂದ ಬರುತ್ತೆ, ಎತ್ತರದ ಗಿಡ ಉತ್ತರಕ್ಕಿದ್ದರೆ ಅದರ ನೆರಳು ಬೇಲಿಯಾಚೆ ಬೀಳುತ್ತೆ. ನುಗ್ಗೆಗೆ ಬೀಜ ಹುಡುಕಬೇಡಿ, ಮಣಿಕಟ್ಟಿನ ದಪ್ಪದ, ಮೂರು ನಾಲ್ಕು ಅಡಿ ಕೊಂಬೆ ಕಡಿದು ಒಂದಡಿ ಆಳಕ್ಕೆ ನೆಟ್ಟರೆ ಚಿಗುರುತ್ತೆ.

ಮೂರಡಿ ಅಗಲ, ಹತ್ತಡಿ ಉದ್ದ, ಮಡಿಯ ಅಳತೆ ಇದು,
ಮೀರಿ ಅಗಲ ಮಾಡಿದರೆ ಕಳೆಗೆ ಕೈಯೇ ಎಟುಕದು.
ಒಂದಡಿ ಅಗೆದು ಹೆಂಟೆ ಒಡೆದು ಕಲ್ಲು ಬೇರು ಆರಿಸಿ,
ಎಂಟು ದಿನ ಬಿಸಿಲಿಗೆ ಬಿಟ್ಟು ಹುಳದ ಮೊಟ್ಟೆ ಒಣಗಿಸಿ.
ಮೂರು ಬುಟ್ಟಿ ತಿಪ್ಪೆ ಗೊಬ್ಬರ, ಕಳಿತು ಕಪ್ಪಗಿರಬೇಕು,
ಹಸಿ ಸಗಣಿ ಸುರಿದರೆ ಗೊಣ್ಣೆ ಹುಳ, ಆ ಕಾಟ ಯಾಕೆ ಬೇಕು?
ಮುಂಗಾರಲ್ಲಿ ಏರುಮಡಿ, ನೀರು ನಿಲ್ಲಬಾರದು,
ಬೇಸಿಗೆಯಲ್ಲಿ ತಗ್ಗುಮಡಿ, ತೇವ ಆರಬಾರದು.

ಮಡಿ ಮಡಿ ನಡುವೆ ಒಂದೂವರೆ ಅಡಿ ದಾರಿ ಬಿಡಿ. ಏಳು ಮಡಿ, ಆರು ದಾರಿ, ಎಲ್ಲ ಸೇರಿ ಮುನ್ನೂರು ಚದರ ಅಡಿ, ಅಂದರೆ ಕಾಲು ಗುಂಟೆಗಿಂತ ತುಸು ಜಾಸ್ತಿ ಅಷ್ಟೇ. ಅಷ್ಟೂ ಜಾಗ ಇಲ್ಲದವರು ಮಡಿಯನ್ನೇ ಚಿಕ್ಕದು ಮಾಡಿ, ಐದಡಿಗೆ ಇಳಿಸಿ, ಹಳೇ ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿದರೂ ನಡೆಯುತ್ತೆ, ತಳಕ್ಕೆ ನಾಲ್ಕು ತೂತು ಇರಲಿ. ಆದರೆ ಏಳನ್ನು ಮಾತ್ರ ಬಿಡಬೇಡಿ. ಪಲ್ಲವಿ!

ಬೀಜಕ್ಕೆ ಬರೋಣ. ಇಲ್ಲೇ ಎಲ್ಲರಿಗೂ ಅವಸರ.

ಬೀಜದ ಗಾತ್ರಕೆ ಎರಡು ಪಟ್ಟು ಆಳದಲ್ಲಿ ಊರು,
ಸಾಸಿವೆಗಿಂತ ಸಣ್ಣ ಹರಿವೆ, ಮೇಲಷ್ಟೇ ತೂರು.
ಮರಳು ಬೆರೆಸಿ ಚೆಲ್ಲಿದೆಯಾದರೆ ಒತ್ತೊತ್ತಾಗದು,
ಸುತ್ತ ಬೂದಿಯ ಗೆರೆ ಎಳೆದರೆ ಇರುವೆ ಕದಿಯದು.
ಕೊತ್ತಂಬರಿಯನು ಇಡಿಯಾಗಿ ಹಾಕಿ ಕಾಯುತ ಕೂರಬೇಡ,
ಮೆತ್ತಗೆ ಉಜ್ಜಿ ಎರಡು ಹೋಳು ಮಾಡದೆ ಊರಬೇಡ.
ಹಾಗಲ ಬೀಜದ ಸಿಪ್ಪೆ ಗಟ್ಟಿ, ರಾತ್ರಿ ನೆನೆಯಲಿ,
ಬೇಗನೆ ಮೊಳಕೆ ಬರುವುದು ಬಟ್ಟೆ ಗಂಟಿನ ಬಿಸಿಯಲಿ.
ಬದನೆ, ಟೊಮೆಟೊ ಮೊದಲು ಚಿಕ್ಕ ಒಟ್ಲಲ್ಲಿ ಬೆಳೆಯಲಿ,
ಅದನೇ ಇಪ್ಪತ್ತೈದು ದಿನಕೆ ಸಂಜೆ ನಾಟಿ ಆಗಲಿ.

ಸಂಜೆ ಅಂದರೆ ಸಂಜೆಯೇ. ಮಧ್ಯಾಹ್ನ ನೆಟ್ಟ ಸಸಿ ಮರುದಿನ ತಲೆ ಬಗ್ಗಿಸುತ್ತೆ. ಮೆಣಸಿನ ಸಸಿ ನಿಧಾನ, ಅದಕ್ಕೆ ಇನ್ನೂ ಹತ್ತು ದಿನ ಕೊಡಿ. ಕೊತ್ತಂಬರಿ ಮೊಳೆಯೋಕೆ ಎಂಟರಿಂದ ಹನ್ನೆರಡು ದಿನ ಬೇಕು, ನಾಲ್ಕನೇ ದಿನವೇ ಕೆದಕಿ ನೋಡುವವರು ಇಲ್ಲಿ ಮೂವರಾದರೂ ಇದ್ದೀರಿ, ಹೆಸರು ಹೇಳಲ್ಲ.

ಇನ್ನೊಂದು ಮಾತು, ಇದಕ್ಕೆ ಪ್ರಾಸ ಸಿಗಲಿಲ್ಲ. ಪೊಟ್ಟಣದ ಮೇಲೆ ಹೈಬ್ರಿಡ್ ಅಂತ ಇದ್ದರೆ ಅದರ ಬೀಜ ಮುಂದಿನ ವರ್ಷಕ್ಕೆ ಇಡಬೇಡಿ, ತಾಯಿಯಂತೆ ಮಗಳು ಬರಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆಯ ಬೀಜ ಇಟ್ಟುಕೊಳ್ಳಬಹುದು, ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್, ಅದರದ್ದು ಬೇಡ. ಅರ್ಕಾ ಅಂತ ಇದ್ದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಅಂಗಡಿಯಲ್ಲಿ ಕೇಳಿಯೇ ತಗೊಳ್ಳಿ.

ಈಗ ಪದದ ಹೊಟ್ಟೆ ಭಾಗ. ಬೆರಳು ಮಡಚಿಕೊಂಡು ಹೇಳಿ.

ಮೊದಲನೆ ವಾರ ಹರಿವೆ ಚೆಲ್ಲು, ತಿಂಗಳೊಳಗೆ ಸಾರು,
ಎರಡನೆ ವಾರ ಬೆಂಡೆ ಅಕ್ಕ, ಅಡಿಗೊಂದು ಕಾಳು ಊರು.
ಮೂರನೆ ವಾರ ಮೆಂತ್ಯ ಸೊಪ್ಪು, ಪಕ್ಕಕ್ಕೆ ಸಬ್ಬಸಿಗೆ,
ನಾಲ್ಕನೆ ವಾರ ಒಟ್ಲಿನ ಬದನೆ, ಎರಡಡಿ ಜಾಗ ಸಸಿಗೆ.
ಐದನೆ ವಾರ ಅಲಸಂದೆ, ಮಣ್ಣಿಗೂ ಅದು ಸಾರ,
ಆರನೆ ವಾರ ಟೊಮೆಟೊ ನೆಟ್ಟು ಕೊಡು ಕೋಲಿನಾಧಾರ.
ಏಳನೆ ವಾರ ಮೂಲಂಗಿ, ಅಂಚಿಗೆ ಕೊತ್ತಂಬರಿ,
ಏಳೂ ತುಂಬುವ ಹೊತ್ತಿಗೆ ಮೊದಲನೆ ಮಡಿಯೇ ಖಾಲಿ ರೀ!

ಖಾಲಿಯಾದ ಮಡಿಗೆ ಮತ್ತೆ ಒಂದು ಬುಟ್ಟಿ ಗೊಬ್ಬರ, ಮತ್ತೆ ಬಿತ್ತನೆ. ಹೀಗೆ ಸುತ್ತುತ್ತಾ ಹೋದರೆ ಯಾವ ವಾರವೂ ಬರಿಗೈ ಆಗಲ್ಲ. ಆದರೆ ಬದನೆ ನಾಲ್ಕನೇ ವಾರ ನೆಡಬೇಕು ಅಂದರೆ ಅದರ ಒಟ್ಲು ಇವತ್ತೇ ಹಾಕಬೇಕು, ಟೊಮೆಟೊ ಒಟ್ಲು ಬೆಂಡೆ ಊರುವ ವಾರ. ಇದು ಮರೆತುಹೋದರೆ ಇಡೀ ಲೆಕ್ಕ ತಪ್ಪುತ್ತೆ, ಹೋದ ವರ್ಷ ನನಗೇ ತಪ್ಪಿತ್ತು.

ಬದನೆ ಕಿತ್ತ ಮಡಿಗೆ ಟೊಮೆಟೊ ತರಬೇಡ ಮರಳಿ,
ಸೊರಗು ರೋಗ ಇಬ್ಬರಿಗೂ ಒಂದೇ, ನಡುವೆ ಅವರೆ ಬರಲಿ.
ಹೀರೆ, ಹಾಗಲ, ಪಡವಲವೆಲ್ಲ ಬೇಲಿಗೆ ಹಬ್ಬಲಿ,
ಸೋರೆ, ಕುಂಬಳ ಕೊಟ್ಟಿಗೆ ಮಾಡಿನ ಮೇಲೆ ಉಬ್ಬಲಿ.
ಪೀಚಿಲ್ಲದ ಹೂ ಗಂಡು ಅಕ್ಕ, ಪೀಚಿದ್ದರೆ ಹೆಣ್ಣು,
ಜೇನು ಬಾರದ ಬೆಳಿಗ್ಗೆ ಸವರು, ಆಗಲಿ ಕಾಯಿ ಹಣ್ಣು.

ನಗಿ ನಗಿ, ನಕ್ಕರೆ ನೆನಪಿರುತ್ತೆ. ಕುಂಬಳ ಹೂ ಬಿಡುತ್ತೆ, ಕಾಯಿ ಕಟ್ಟಲ್ಲ ಅಂತ ಪ್ರತಿ ವರ್ಷ ದೂರು ಬರುತ್ತಲ್ಲ, ಅದಕ್ಕೇ ಈ ಸಾಲು. ಗಂಡು ಹೂ ಕಿತ್ತು, ಎಸಳು ಬಿಡಿಸಿ, ಒಳಗಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮುಟ್ಟಿಸಿ. ಬಿಸಿಲೇರುವ ಮುಂಚೆ, ಆಮೇಲೆ ಹೂ ಮುದುಡುತ್ತೆ.

ನೀರಿನ ಪದ ಚಿಕ್ಕದು.

ಬೆಳಿಗ್ಗೆ ಎದ್ದು ಬುಡಕ್ಕೆ ನೀರು, ಎಲೆಗಳ ಮೇಲೆ ಬೇಡ,
ಮಳೆ ಬಂದ ದಿನವೂ ಕೊಡವನು ಹಿಡಿದು ಓಡಿ ಓಡಿ ಬರಬೇಡ.
ಬೆರಳಿನ ಎರಡನೆ ಗೆಣ್ಣಿನವರೆಗೆ ಮಣ್ಣಲಿ ಚುಚ್ಚು,
ತೇವ ಅಂಟಿದರೆ ಇವತ್ತು ಸಾಕು, ಬಿಂದಿಗೆ ಮುಚ್ಚು.
ಅಕ್ಕಿ ತೊಳೆದ ನೀರು ಹಾಕು, ಬೇಳೆ ತೊಳೆದದ್ದೂ,
ಸೋಪಿನ ನೀರು ಬಾಳೆಗೆ ಹೋಗಲಿ, ಸೊಪ್ಪಿಗಲ್ಲ ಅದು.

ಬೇಸಿಗೆಗೆ ಬುಡದ ಸುತ್ತ ರಾಗಿ ಹುಲ್ಲೋ ತರಗೆಲೆಯೋ ಹಾಸಿ, ಅರ್ಧ ನೀರು ಉಳಿಯುತ್ತೆ ಅಂತ ನನ್ನ ಅನುಭವ.

ಜೀವಾಮೃತ ಗೊತ್ತಿದ್ದವರು ಕೈ ಎತ್ತಿ. ಗೊತ್ತಿದ್ದರೂ ಎಲ್ಲರ ಲೆಕ್ಕ ಇನ್ನೂರು ಲೀಟರ್ ಡ್ರಮ್ಮಿನದು, ಹಿತ್ತಿಲಿಗೆ ಅಷ್ಟು ಯಾಕೆ? ಅದರ ಹತ್ತರಲ್ಲಿ ಒಂದು ಪಾಲು ಸಾಕು.

ಒಂದು ಕೇಜಿ ಸಗಣಿಗೆ ಒಂದು ಲೀಟರ್ ಗಂಜಲ,
ಇನ್ನೂರು ಗ್ರಾಂ ಹುರುಳಿ ಹಿಟ್ಟು, ಅಷ್ಟೇ ಕರಿಬೆಲ್ಲ.
ಇಪ್ಪತ್ತು ಲೀಟರ್ ನೀರಿಗೆ ಕಲಸು, ಬದುವಿನ ಹಿಡಿ ಮಣ್ಣು,
ಎರಡು ದಿನ ನೆರಳಲಿ ತಿರುವು, ಇರಲಿ ಮೇಲೊಂದು ಕಣ್ಣು.

ಮೇಲೆ ಗೋಣಿ ಮುಚ್ಚಿ, ಗಾಳಿ ಆಡಲಿ. ಬೆಳಿಗ್ಗೆ ಸಂಜೆ ಕೋಲಲ್ಲಿ ತಿರುವಿ. ಒಂದು ವಾರದೊಳಗೆ ಬುಡಕ್ಕೆ ಹಾಕಿ ಮುಗಿಸಿ. ಇದಕ್ಕೆ ಬಿಳಿ ಬೆಲ್ಲ ದಂಡ, ಕಪ್ಪಗಿರುವುದೇ ಒಳ್ಳೇದು, ಅದೇ ಅಗ್ಗ ಕೂಡ.

ಹುಳ ಬಂತು ಅಂದರೆ ಅಂಗಡಿಗೆ ಓಡುವುದು ಬೇಡ. ನಾವೇ ತಿನ್ನೋದು ಅಲ್ವಾ, ಮೊಮ್ಮಕ್ಕಳೂ ತಿನ್ನೋದು.

ಅಲಸಂದೆ ತುದಿಗೆ ಕರಿಹೇನು ಬಂದರೆ ಬೂದಿ ಉದುರಿಸು,
ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಎಲೆಯಡಿಗೂ ತಲುಪಿಸು.
ಬೇವಿನ ಬೀಜ ಐವತ್ತು ಗ್ರಾಂ ಕುಟ್ಟಿ ಲೀಟರ್ ನೀರಿಗೆ,
ರಾತ್ರಿ ನೆನೆಸು, ಸೋಸು, ಸಂಜೆ ಹೊಡೆ ಹುಳುವಿನ ದಾರಿಗೆ.
ಬಾಗಿದ ಬದನೆ ಸುಳಿಯನು ಕಂಡರೆ ಚಿವುಟಿ ಸುಟ್ಟುಬಿಡು,
ಬೇಗನೆ ಮಾಡು, ಕಾಯೊಳಗಿಳಿದರೆ ಆಸೆ ಬಿಟ್ಟುಬಿಡು.
ಚೆಂಡುಹೂ ಮಡಿಯ ಮೂಲೆಗೆ ಇರಲಿ, ನೋಡಲೂ ಚಂದ,
ದಂಡೆಗೂ ಆಯ್ತು ಹಬ್ಬಕೆ, ಬೇರಿನ ಹುಳಕೂ ಅದು ಬಂಧ.

ಬೇವಿನ ನೀರಿಗೆ ಚೂರು ಸೋಪು ಕರಗಿಸಿ, ಇಲ್ಲಾಂದ್ರೆ ಎಲೆಗೆ ಅಂಟಲ್ಲ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ.

ಕೊನೇ ಎರಡು ಜೋಡಿ, ಕೊಯ್ಲಿಗೂ ಬೀಜಕ್ಕೂ.

ಬೆಂಡೆಯ ದಿನ ಬಿಟ್ಟು ದಿನ ಕೊಯ್ಯಿ, ತುದಿ ಪಟ್ಟನೆ ಮುರಿಯಲಿ,
ಕಂಡೂ ಬಿಟ್ಟರೆ ನಾರೇ ನಾರು, ಸಾರಲಿ ಹಗ್ಗ ತೇಲಲಿ!
ಒಳ್ಳೆಯ ಗಿಡದ ನಡುವಿನ ಕಾಯಿ ಬೀಜಕೆ ಬಿಡು ಎರಡು,
ಎಳ್ಳಷ್ಟೂ ತೇವ ಇರದೆ ಒಣಗಿಸಿ ಬೂದಿಯಲಿ ಬೆರಸಿಡು.

ಆಯ್ತು, ಬಾಯಿ ಕೆಲಸ ಮುಗೀತು. ಗುದ್ದಲಿ ಎರಡೇ ಇವೆ, ಕುಡುಗೋಲು ನೀವು ತಂದಿದ್ದೀರಿ. ಸಮುದಾಯ ಭವನದ ಹಿಂದೆ ಹಗ್ಗ ಹಿಡಿದು ಒಂದು ಮಡಿ ಗುರುತು ಮಾಡಿಟ್ಟಿದ್ದೇನೆ, ಮೂರಡಿ ಇದೆಯೋ ಇಲ್ಲವೋ ಕೈ ಚಾಚಿ ನೋಡಿ. ಊಟಕ್ಕೆ ಮುಂಚೆ ಅದನ್ನು ಅಗೆದು ಮುಗಿಸೋಣ, ಬದನೆ ಒಟ್ಲನ್ನೂ ಇವತ್ತೇ ಹಾಕೋಣ. ಹೋಗುವಾಗ ಮೇಜಿನ ಮೇಲಿನ ಹರಿವೆ ಬೀಜ ತಗೊಳ್ಳಿ, ಒಬ್ಬರಿಗೆ ಒಂದು ಚಮಚ, ಅಷ್ಟೇ. ಇನ್ನೊಂದು ಚಮಚ ಕೊಡಿ ಅಂತ ಯಾರಾದರೂ ಕೇಳಿದರೆ ಎಲ್ಲರೂ ಸೇರಿ ಪಲ್ಲವಿ ಹೇಳಬೇಕು.