2024-25ನೇ ಸಾಲಿನ ವಾರ್ಷಿಕ ವರದಿ: ಫಲಿತಾಂಶ, ಹಾಜರಾತಿ, ಸಹಪಠ್ಯ ಚಟುವಟಿಕೆ

ಸರ್ಕಾರಿ ಪ್ರೌಢಶಾಲೆ, ಕುಷ್ಟಗಿ ತಾಲೂಕು, ಕೊಪ್ಪಳ ಜಿಲ್ಲೆ
ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಸಭೆ, ದಿನಾಂಕ 02-08-2025

ಮಾನ್ಯ ಅಧ್ಯಕ್ಷರೇ, ಸಮಿತಿಯ ಎಲ್ಲ ಸದಸ್ಯರೇ,

ಕಳೆದ ಸಾಲಿನಲ್ಲಿ ಶಾಲೆಯ ದಾಖಲಾತಿ 205 ಇತ್ತು. 8ನೇ ತರಗತಿಯಲ್ಲಿ 74, 9ರಲ್ಲಿ 69, 10ರಲ್ಲಿ 62 ಮಕ್ಕಳು. ಇವರಲ್ಲಿ ಹೆಣ್ಣುಮಕ್ಕಳು 112. ಎಸ್ಸೆಸ್ಸೆಲ್ಸಿ ಪರೀಕ್ಷೆ-3ರ ಫಲಿತಾಂಶವನ್ನೂ ಸೇರಿಸಿಕೊಳ್ಳಬೇಕಿದ್ದುದರಿಂದ ವರದಿಯನ್ನು ಈ ಸಭೆಗೆ ಮಂಡಿಸುತ್ತಿದ್ದೇನೆ.

ಎಸ್ಸೆಸ್ಸೆಲ್ಸಿ ಫಲಿತಾಂಶ

ನೋಂದಣಿಯಾದ 62 ಮಕ್ಕಳಲ್ಲಿ 61 ಮಂದಿ ಪರೀಕ್ಷೆ-1 ಬರೆದರು, 40 ಮಂದಿ ಪಾಸಾದರು. ಉನ್ನತ ಶ್ರೇಣಿ 4, ಪ್ರಥಮ ದರ್ಜೆ 17, ಉಳಿದವರು 19. ಶಾಲೆಗೆ ಮೊದಲ ಸ್ಥಾನ ಪಡೆದ ವಿದ್ಯಾರ್ಥಿನಿಗೆ 625ಕ್ಕೆ 571 ಅಂಕ ಬಂದಿವೆ. ಆಕೆಯ ತಂದೆ-ತಾಯಿ ಇಬ್ಬರೂ ವರ್ಷದ ಅರ್ಧ ಭಾಗ ಬೆಂಗಳೂರಿಗೆ ಗುಳೆ ಹೋಗಿದ್ದರು, ಅವಳು ಅಜ್ಜಿಯ ಜೊತೆ ಊರಲ್ಲೇ ಇದ್ದು ಓದಿದಳು. ಸಮಿತಿಯ ಪರವಾಗಿ ಆ ಅಜ್ಜಿಯನ್ನೂ ಕರೆದು ಸನ್ಮಾನಿಸಬೇಕೆಂದು ನನ್ನ ಕೋರಿಕೆ.

ಪರೀಕ್ಷೆ-2ರಲ್ಲಿ 9, ಪರೀಕ್ಷೆ-3ರಲ್ಲಿ 3 ಮಕ್ಕಳು ಪಾಸಾದರು. ಒಟ್ಟು 52. ಕಾಗದದ ಮೇಲೆ ಇದು ಶೇ. 83.87 ಎಂದು ಚೆನ್ನಾಗಿಯೇ ಕಾಣುತ್ತದೆ. ಆದರೆ ನಮ್ಮ ಬೋಧನೆಯ ಅಳತೆಗೋಲು ಪರೀಕ್ಷೆ-1ರ ಶೇ. 65.57 ಎಂದೇ ನಾನು ಭಾವಿಸುತ್ತೇನೆ. ಹಿಂದಿನ ವರ್ಷ ಪರೀಕ್ಷೆ-1ರಲ್ಲಿ 58ಕ್ಕೆ 43 ಮಕ್ಕಳು ಪಾಸಾಗಿದ್ದರು. ಆಗ ಹೆಚ್ಚುವರಿ ಕೃಪಾಂಕ ಇತ್ತು, ಈ ಸಲ ಇರಲಿಲ್ಲ. ಇಳಿಕೆಗೆ ಅದೂ ಒಂದು ಕಾರಣ. ಅದನ್ನೇ ಮುಂದೆ ಮಾಡಿ ಸುಮ್ಮನಾದರೆ ಮಕ್ಕಳಿಗೆ ಅನ್ಯಾಯವಾಗುತ್ತದೆ.

ಪರೀಕ್ಷೆ-1ರಲ್ಲಿ ಫೇಲಾದ 21 ಮಕ್ಕಳ ಪೈಕಿ 17 ಮಂದಿ ಗಣಿತದಲ್ಲಿ, 13 ಮಂದಿ ವಿಜ್ಞಾನದಲ್ಲಿ, 8 ಮಂದಿ ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿದ್ದಾರೆ. ಗಣಿತ ಶಿಕ್ಷಕರು ಜುಲೈನಲ್ಲಿ ವರ್ಗಾವಣೆಯಾದ ಮೇಲೆ ಆಗಸ್ಟ್ ಮಧ್ಯದಲ್ಲಿ ಅತಿಥಿ ಶಿಕ್ಷಕರು ಬರುವವರೆಗೆ ಆ ವಿಷಯದ ತರಗತಿಗಳು ಸರಿಯಾಗಿ ನಡೆಯಲಿಲ್ಲ. ಶಿಕ್ಷಕರು ಬಂದ ಮೇಲೂ ತರಗತಿಯಲ್ಲಿ ಮಕ್ಕಳಿರಲಿಲ್ಲ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ತ್ರಿಭುಜಗಳ ಪಾಠ ನಡೆಯಿತು. ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಥೇಲ್ಸ್ ಪ್ರಮೇಯ ಸಾಧಿಸಿ ಎಂಬ ಪ್ರಶ್ನೆಗೆ 38 ಮಕ್ಕಳು ಸಾಧನೆಯ ಒಂದು ಸಾಲನ್ನೂ ಬರೆದಿರಲಿಲ್ಲ. ಬಹುಪಾಲು ಮಂದಿ ಚಿತ್ರವನ್ನೂ ಬರೆದಿರಲಿಲ್ಲ.

ಹಾಜರಾತಿ

ವರ್ಷದ ಸರಾಸರಿ ಹಾಜರಾತಿ ಶೇ. 82.6. ಈ ಒಂದು ಅಂಕಿ ನೋಡಿದರೆ ಚಿಂತೆಯೇ ಬೇಡ ಅನ್ನಿಸುತ್ತದೆ. ತಿಂಗಳುವಾರು ನೋಡಿದರೆ ಸಂಗತಿ ಬೇರೆ. ಜುಲೈನಲ್ಲಿ ಶೇ. 90 ಇದ್ದದ್ದು ಆಗಸ್ಟ್‌ನಲ್ಲಿ 76, ಸೆಪ್ಟೆಂಬರ್‌ನಲ್ಲಿ 69, ದಸರಾ ರಜೆ ಮುಗಿದು ಶಾಲೆ ತೆರೆದ ಮೇಲೆ ಅಕ್ಟೋಬರ್‌ನಲ್ಲಿ 72. ನವೆಂಬರ್‌ನಿಂದ ಮತ್ತೆ ಏರಿಕೆ. ಜನವರಿಯಲ್ಲಿ ಗವಿಮಠದ ಜಾತ್ರೆಯ ದಿನಗಳಲ್ಲಿ ಸ್ವಲ್ಪ ಕಡಿಮೆಯಾಯಿತು, ಅದು ಪ್ರತಿ ವರ್ಷದ ರೂಢಿ, ಅದರಿಂದ ನಷ್ಟವೇನಿಲ್ಲ.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹತ್ತಿ ಬೀಜೋತ್ಪಾದನೆಯ ಕ್ರಾಸಿಂಗ್ ಸುಗ್ಗಿ ಎಂಬುದು ತಮಗೆಲ್ಲ ಗೊತ್ತು. ಆ ಕೆಲಸದ ಹೊತ್ತೂ ಶಾಲೆಯ ಹೊತ್ತೂ ಒಂದೇ. ಮಧ್ಯಾಹ್ನದ ಮೇಲೆ ಮರುದಿನ ಅರಳಬೇಕಾದ ಮೊಗ್ಗಿನ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ತಾಗಿಸಬೇಕು. ಹಾಗಾಗಿ ಹೊಲಕ್ಕೆ ಹೋದ ಮಗು ಶಾಲೆಗೆ ಬಂದರೂ 11 ಗಂಟೆಯ ಮೇಲೆ ಬರುತ್ತದೆ, ಬಿಸಿಯೂಟ ಮುಗಿದ ಸ್ವಲ್ಪ ಹೊತ್ತಿಗೆ ಹೊರಡುತ್ತದೆ. ನಮ್ಮ ವೇಳಾಪಟ್ಟಿಯಲ್ಲಿ ಗಣಿತ ಮೊದಲ ಅವಧಿ, ವಿಜ್ಞಾನ ಕೊನೆಯ ಅವಧಿ. ತಡವಾಗಿ ಬಂದವರಿಗೂ ಹಾಜರಿ ಹಾಕುವ ರೂಢಿ ಇರುವುದರಿಂದ ಪುಸ್ತಕದಲ್ಲಿ ಅವರು ಬಂದವರೇ. ಸೆಪ್ಟೆಂಬರ್‌ನ ಎರಡು ವಾರ 10ನೇ ತರಗತಿಯಲ್ಲಿ ಅವಧಿವಾರು ತಲೆ ಎಣಿಸಿದೆವು. ಹಾಜರಿ ಪುಸ್ತಕದಲ್ಲಿ 43ರಿಂದ 46 ಮಕ್ಕಳಿದ್ದ ದಿನಗಳಲ್ಲಿ ಮೊದಲ ಅವಧಿಗೆ ಇದ್ದವರು 30ರ ಆಸುಪಾಸು.

ಫೇಲಾದ 21 ಮಕ್ಕಳಲ್ಲಿ 16 ಮಂದಿಯ ಹಾಜರಾತಿ ಈ ಮೂರು ತಿಂಗಳಲ್ಲಿ ಶೇ. 65ಕ್ಕಿಂತ ಕಡಿಮೆ. ಪಾಸಾದ 40 ಮಕ್ಕಳಲ್ಲಿ ಅಂಥವರು 6 ಮಂದಿ ಮಾತ್ರ. ಪರೀಕ್ಷೆಗೆ ಕೂರಲು ಬೇಕಾದ ಶೇ. 75 ಹಾಜರಾತಿ ವರ್ಷದ ಲೆಕ್ಕದಲ್ಲಿ ಎಲ್ಲರಿಗೂ ಇತ್ತು.

ಶಿಕ್ಷಕರು ಮನೆ ಮನೆಗೆ ಹೋಗಿ ಬಂದಿದ್ದಾರೆ. ಒಬ್ಬ ತಾಯಿ ಹೇಳಿದ್ದನ್ನು ಹಾಗೇ ಇಲ್ಲಿ ಬರೆಯುತ್ತೇನೆ: "ಮುಂಜಾನೆ ಹೂವು ಹಚ್ಚಲಿಲ್ಲಂದ್ರ ಆ ಮೊಗ್ಗಿ ಹೋದಂಗ ಸರ್. ಕೂಲಿಯವರನ್ನ ಇಡಬೇಕಂದ್ರ ರೊಕ್ಕ ಎಲ್ಲಿಂದ ತರೂಣು?" ಬೀಜ ಬೆಳೆಯಲು ಮುಂಗಡ ಪಡೆದ ಮನೆಗಳ ಕಷ್ಟ ಸಣ್ಣದಲ್ಲ. ಆದರೂ 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಕಳಿಸುವುದು ಕಾನೂನಿಗೆ ವಿರುದ್ಧ. ಸ್ವಂತ ಹೊಲದಲ್ಲಿ ಮನೆಯವರಿಗೆ ನೆರವಾಗುವುದಿದ್ದರೂ ಶಾಲೆಯ ಹೊತ್ತು ತಪ್ಪಿಸುವಂತಿಲ್ಲ. ನಮ್ಮ 8ನೇ ತರಗತಿಯ ಬಹಳಷ್ಟು ಮಕ್ಕಳಿಗೆ ಇನ್ನೂ 13 ವರ್ಷ. ಇದನ್ನು ಶಿಕ್ಷಕರು ಹೇಳಿದರೆ ಊರಲ್ಲಿ ನಿಷ್ಠುರವಾಗುತ್ತದೆ, ಸಮಿತಿಯ ಹಿರಿಯರು ಹೇಳಿದರೆ ಕೇಳುತ್ತಾರೆ.

8 ಮತ್ತು 9ನೇ ತರಗತಿ

8ನೇ ತರಗತಿಗೆ ಸೇರಿದ 74 ಮಕ್ಕಳಲ್ಲಿ 19 ಮಂದಿಗೆ ಜೂನ್‌ನಲ್ಲಿ ಕನ್ನಡ ಸರಾಗವಾಗಿ ಓದಲು ಬರುತ್ತಿರಲಿಲ್ಲ. ಫೆಬ್ರವರಿಗೆ ಆ ಸಂಖ್ಯೆ 7ಕ್ಕೆ ಇಳಿದಿದೆ. ಕನ್ನಡ ಶಿಕ್ಷಕಿಯವರು ಪ್ರತಿದಿನ ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆ ಆ ಮಕ್ಕಳನ್ನು ಕೂರಿಸಿಕೊಂಡು ಓದಿಸಿದ್ದರ ಫಲ ಇದು. ಎರಡಂಕಿಯ ಭಾಗಾಕಾರ ಬಾರದವರು 41 ಇದ್ದದ್ದು 23 ಆಗಿದೆ, ಇದು ಸಾಲದು. ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಇಬ್ಬರು ಆಯ್ಕೆಯಾಗಿದ್ದು, 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗಲಿದೆ. 9ನೇ ತರಗತಿಯಲ್ಲಿ ಮೂವರು ಹೆಣ್ಣುಮಕ್ಕಳು ನಡುವೆಯೇ ಶಾಲೆ ಬಿಟ್ಟಿದ್ದರು. ಇಬ್ಬರನ್ನು ಮರಳಿ ಕರೆತಂದಿದ್ದೇವೆ, ಒಬ್ಬಳ ಕುಟುಂಬ ಗುಳೆ ಹೋಗಿದೆ.

ಸಹಪಠ್ಯ ಚಟುವಟಿಕೆ

ಪ್ರತಿಭಾ ಕಾರಂಜಿಯಲ್ಲಿ ಜಾನಪದ ಗೀತೆ ಮತ್ತು ಚರ್ಚಾ ಸ್ಪರ್ಧೆಗೆ ತಾಲೂಕು ಮಟ್ಟದ ಬಹುಮಾನ ಬಂದಿದೆ. ಬಾಲಕಿಯರ ಖೋಖೋ ತಂಡ ಜಿಲ್ಲಾ ಮಟ್ಟಕ್ಕೆ ಹೋಗಿ ಮೊದಲ ಸುತ್ತಿನಲ್ಲಿ ಸೋತಿತು. ಆ ತಂಡದ ಒಂಬತ್ತು ಮಕ್ಕಳೂ ಸೆಪ್ಟೆಂಬರ್‌ನಲ್ಲಿ ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಸಂಜೆ ಅಭ್ಯಾಸವಿದೆ ಎಂದು ಮನೆಯಲ್ಲಿ ಹೇಳಿ ಹಟ ಹಿಡಿದು ಬಂದರು. ಆಟಕ್ಕೆ ಇರುವ ಈ ಎಳೆತವನ್ನು ಬಳಸಿಕೊಳ್ಳಬೇಕೆಂಬುದು ದೈಹಿಕ ಶಿಕ್ಷಕರ ಸಲಹೆ, ನನಗೂ ಸರಿ ಎನಿಸಿದೆ.

ಪ್ರವಾಸಕ್ಕೆ ದೂರ ಹೋಗದೆ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನ ಅಶೋಕನ ಶಾಸನಗಳನ್ನು ತೋರಿಸಿದೆವು. ಖರ್ಚು ಕಡಿಮೆಯಾದ್ದರಿಂದ 10ನೇ ತರಗತಿಯ 57 ಮಕ್ಕಳು ಬರಲು ಸಾಧ್ಯವಾಯಿತು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಮಕ್ಕಳು ಊರಿನ ಹಿರಿಯರನ್ನು ಮಾತಾಡಿಸಿ, ರಜಾಕಾರರ ಕಾಲದ ನೆನಪುಗಳನ್ನು ಬರೆದು ತಂದರು. ಆ ಹಸ್ತಪ್ರತಿ ಗ್ರಂಥಾಲಯದಲ್ಲಿದೆ, ಸದಸ್ಯರು ನೋಡಬೇಕು.

ಸಮಿತಿಯ ತೀರ್ಮಾನಕ್ಕೆ

ಕ್ರಾಸಿಂಗ್ ಇನ್ನು ಕೆಲವೇ ದಿನಗಳಲ್ಲಿ ಶುರುವಾಗುತ್ತದೆ. ಅದಕ್ಕೆ ಮುಂಚೆ ಬೀಜ ಬೆಳೆಯುವ ರೈತರನ್ನೂ ಬೀಜ ಬೆಳೆಸುವ ಏಜೆಂಟರನ್ನೂ ಗ್ರಾಮ ಪಂಚಾಯ್ತಿಗೆ ಕರೆದು, ಶಾಲೆಯ ಮಕ್ಕಳನ್ನು ಕೆಲಸಕ್ಕೆ ಕರೆಯುವುದಿಲ್ಲ ಎಂಬ ಮಾತು ಪಡೆಯಬೇಕು. ಡಂಗುರವನ್ನೂ ಹೊಡೆಸಬೇಕು. ಶಾಲೆಯ ಕಡೆಯಿಂದ ಈ ಮೂರು ತಿಂಗಳು ಗಣಿತ, ವಿಜ್ಞಾನವನ್ನು 11.30ರಿಂದ 2 ಗಂಟೆಯ ನಡುವಿನ ಅವಧಿಗಳಿಗೆ ತರುತ್ತೇವೆ, ಮಧ್ಯಾಹ್ನ ಎರಡನೇ ಸಲ ಹಾಜರಿ ತೆಗೆದುಕೊಂಡು ಪ್ರತಿ ಶನಿವಾರ ಸಮಿತಿಗೆ ಪಟ್ಟಿ ಕೊಡುತ್ತೇವೆ. ವೇಳಾಪಟ್ಟಿ ಬದಲಿಸಿದ್ದೇವೆಂದು ಮಕ್ಕಳನ್ನು ಹೊಲಕ್ಕೆ ಕಳಿಸಲು ಒಪ್ಪಿಗೆ ಕೊಟ್ಟಂತಲ್ಲ, ಇದು ಸಭೆಯ ನಡಾವಳಿಯಲ್ಲಿ ದಾಖಲಾಗಬೇಕು.

ಪಾಸಾಗದೆ ಉಳಿದ 10 ಮಕ್ಕಳಲ್ಲಿ 6 ಮಂದಿ ಊರಲ್ಲೇ ಇದ್ದಾರೆ. ಅವರಿಗಾಗಿ ಸಂಜೆ 6ರಿಂದ 7.30ರವರೆಗೆ ಶಾಲೆಯಲ್ಲೇ ಪಾಠ ನಡೆಸಲು ಇಬ್ಬರು ಶಿಕ್ಷಕರು ಒಪ್ಪಿದ್ದಾರೆ. ಎರಡು ಕೊಠಡಿಗೆ ದೀಪದ ವ್ಯವಸ್ಥೆ ಮತ್ತು ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸುವ ಹೊಣೆಯನ್ನು ಸಮಿತಿ ವಹಿಸಿಕೊಳ್ಳಬೇಕೆಂದು ವಿನಂತಿ. ಕಾಯಂ ಗಣಿತ ಶಿಕ್ಷಕರಿಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆದ ಮನವಿ ಈ ವರದಿಯ ಜೊತೆಗಿದೆ. ಸದಸ್ಯರೆಲ್ಲರ ಸಹಿ ಬೇಕು, ಸೋಮವಾರ ನಾನೇ ಕುಷ್ಟಗಿಗೆ ಹೋಗಿ ಕೊಟ್ಟು ಬರುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು ಹಾಗೂ ಸದಸ್ಯ ಕಾರ್ಯದರ್ಶಿ