ಮನೆಯಲ್ಲಿ ನಾಯಿ ಇದ್ದರೆ ಕಾಲೇಜು ವಿದ್ಯಾರ್ಥಿಗಳ ಒತ್ತಡ ಕಡಿಮೆಯಾಗುತ್ತದೆಯೇ? ಮೈಸೂರಿನ ನಾಲ್ಕು ಪದವಿ ಕಾಲೇಜುಗಳಲ್ಲಿ ನಡೆಸುವ ಅಧ್ಯಯನದ ಸಂಶೋಧನಾ ವಿನ್ಯಾಸ

ಈ ಅಧ್ಯಯನ ಯಾಕೆ

ನಾಯಿ ಸಾಕಿದವರಿಗೆ ನೆಮ್ಮದಿ ಜಾಸ್ತಿ ಎಂಬ ಮಾತು ಹೊಸದೇನಲ್ಲ. ಅಮೆರಿಕದಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು 1980ರಲ್ಲಿ 92 ಹೃದ್ರೋಗಿಗಳ ಅಧ್ಯಯನ ಪ್ರಕಟಿಸಿದರು. ಮನೆಯಲ್ಲಿ ಸಾಕುಪ್ರಾಣಿ ಇದ್ದ 53 ಜನರಲ್ಲಿ ಒಂದು ವರ್ಷದೊಳಗೆ ತೀರಿಕೊಂಡವರು 3 ಮಂದಿ. ಇಲ್ಲದ 39 ಜನರಲ್ಲಿ 11 ಮಂದಿ. ಅಂತರ ದೊಡ್ಡದು. ಆದರೆ ಪ್ರಾಣಿ ಸಾಕುವಷ್ಟು ಅನುಕೂಲ, ಚೈತನ್ಯ ಇದ್ದವರು ಮೊದಲೇ ಸ್ವಲ್ಪ ಗಟ್ಟಿ ಇದ್ದರೇ ಎಂಬ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ಕಾಲೇಜು ವಿದ್ಯಾರ್ಥಿಗಳ ಮೇಲೂ ಕೆಲಸ ನಡೆದಿದೆ. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪೆಟ್ರೀಷಿಯಾ ಪೆಂಡ್ರಿ ಮತ್ತು ಜೇಮಿ ವ್ಯಾಂಡಗ್ರಿಫ್ 249 ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತು ನಿಮಿಷ ನಾಯಿ, ಬೆಕ್ಕುಗಳನ್ನು ಮುಟ್ಟಿ ಆಡಿಸಿದವರ ಎಂಜಲಿನಲ್ಲಿ, ಒತ್ತಡವಾದಾಗ ಏರುವ ಹಾರ್ಮೋನ್ ಆದ ಕಾರ್ಟಿಸಾಲ್ ಕಡಿಮೆ ಕಂಡಿತು. ಇದು ಒಳ್ಳೆಯ ಪ್ರಯೋಗ. ಆದರೆ ಹತ್ತು ನಿಮಿಷ ನಾಯಿ ಮುದ್ದಾಡುವುದು ಬೇರೆ, ನಾಯಿ ಸಾಕುವುದು ಬೇರೆ. ಸಾಕುವುದು ಅಂದರೆ ಬೆಳಿಗ್ಗೆ ಆರಕ್ಕೆ ಎದ್ದು ಹೊರಗೆ ಕರೆದೊಯ್ಯಬೇಕು, ಇಂಜೆಕ್ಷನ್ ಹಾಕಿಸಬೇಕು, ಪಕ್ಕದ ಮನೆಯವರ ಮಾತು ಕೇಳಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಅದು ವಾಂತಿ ಮಾಡಿದರೆ ಒರೆಸುವವರೂ ನಾವೇ. ಇಷ್ಟೆಲ್ಲ ಸೇರಿದ ಮೇಲೂ ಒತ್ತಡ ಇಳಿಯುತ್ತದೆಯೇ ಎಂಬುದು ನಮ್ಮ ಪ್ರಶ್ನೆ.

ಯಾರನ್ನು ಯಾರ ಜೊತೆ ಹೋಲಿಸಬೇಕು

ವಿನ್ಯಾಸದ ಕಷ್ಟದ ಭಾಗ ಇದೇ. ಚೀಟಿ ಎತ್ತಿ ಅರ್ಧ ಜನರಿಗೆ ನಾಯಿ ಕೊಟ್ಟು, ಇನ್ನರ್ಧ ಜನರಿಗೆ ಕೊಡದೆ ನೋಡಲು ಆಗುವುದಿಲ್ಲ. ನಾಯಿ ಹತ್ತು ಹನ್ನೆರಡು ವರ್ಷ ಬದುಕುವ ಜೀವ. ಅಧ್ಯಯನ ಮುಗಿಯಿತು ಅಂತ ವಾಪಸ್ ಕೊಡಲು ಬರುವುದಿಲ್ಲ. ಹಾಗಾಗಿ ಇದು ಪ್ರಯೋಗವಲ್ಲ. ಈಗಾಗಲೇ ಇರುವ ಗುಂಪುಗಳನ್ನು ಒಂದು ಸೆಮಿಸ್ಟರ್ ಪೂರ್ತಿ ಹಿಂಬಾಲಿಸುವ ಅಧ್ಯಯನ.

ಸುಮ್ನೆ ತರಗತಿಗೆ ಹೋಗಿ ‘ನಾಯಿ ಇರುವವರು ಕೈ ಎತ್ತಿ’ ಅಂದರೆ ದಾರಿ ತಪ್ಪುತ್ತೇವೆ. ಹಾಸ್ಟೆಲ್ ಮತ್ತು ಪಿಜಿಗಳಲ್ಲಿ ನಾಯಿ ಸಾಕಲು ಬಿಡುವುದಿಲ್ಲ. ನಾಯಿ ಇರುವವರೆಲ್ಲ ಮನೆಯಿಂದ ಓಡಾಡುವವರು, ಇಲ್ಲದವರಲ್ಲಿ ಬಹಳಷ್ಟು ಜನ ಹಾಸ್ಟೆಲಿನವರು ಆಗಿಬಿಡುತ್ತಾರೆ. ಕೊನೆಗೆ ನಾವು ಅಳೆಯುವುದು ಅಮ್ಮನ ಕೈ ಅಡುಗೆಯನ್ನೇ ಹೊರತು ನಾಯಿಯನ್ನಲ್ಲ. ಆದ್ದರಿಂದ ಈ ಅಧ್ಯಯನಕ್ಕೆ ಡೇ ಸ್ಕಾಲರ್‌ಗಳು ಮಾತ್ರ.

ಇನ್ನೊಂದು ತೊಡಕು: ನಾಯಿ ಸಾಕುವ ಮನಸ್ಸಿರುವವರ ಸ್ವಭಾವವೇ ಬೇರೆ ಇರಬಹುದು. ಅದಕ್ಕಾಗಿ ಎರಡರ ಬದಲು ಮೂರು ಗುಂಪು ಮಾಡುತ್ತೇವೆ.

ಮೊದಲನೆಯದು ‘ನಾಯಿ ಇದೆ’ ಗುಂಪು. ತಾವು ಮಲಗುವ ಮನೆಯಲ್ಲೇ ಕನಿಷ್ಠ ಆರು ತಿಂಗಳಿಂದ ನಾಯಿ ಇರಬೇಕು. ಎರಡನೆಯದು ‘ಬೇಕು, ಆದರೆ ಇಲ್ಲ’ ಗುಂಪು. ಇವರಿಗೆ ನಾಯಿ ಬೇಕೇ ಬೇಕು, ಆದರೆ ಮನೆ ಓನರ್ ಒಪ್ಪಿಲ್ಲ, ಅಜ್ಜಿಗೆ ಮಡಿ, ಅಪ್ಪನಿಗೆ ಇಷ್ಟವಿಲ್ಲ ಅಥವಾ ಜಾಗವಿಲ್ಲ. ಮೂರನೆಯದು ‘ಬೇಡ’ ಗುಂಪು. ನಮ್ಮ ಮುಖ್ಯ ಹೋಲಿಕೆ ಮೊದಲನೆಯದಕ್ಕೂ ಎರಡನೆಯದಕ್ಕೂ. ಎರಡು ಕಡೆಯೂ ನಾಯಿಯ ಆಸೆ ಇದೆ, ಒಂದು ಕಡೆ ಮಾತ್ರ ನಾಯಿ ಇದೆ. ಆಸೆ ಈಡೇರದ ಬೇಸರವೇ ಎರಡನೇ ಗುಂಪಿನ ಅಂಕ ಏರಿಸಬಹುದು. ಆ ಅನುಮಾನ ನೋಡಲು ಮೂರನೇ ಗುಂಪು ಬೇಕು.

ಬೀದಿ ನಾಯಿಗೆ ದಿನಾ ಅನ್ನ ಹಾಕುವವರನ್ನು ಎಲ್ಲಿ ಸೇರಿಸಬೇಕು ಎಂದು ನಾವು ಬಹಳ ಚರ್ಚಿಸಿದೆವು. ನಮ್ಮ ಊರುಗಳಲ್ಲಿ ಗೇಟಿನ ಹತ್ತಿರವೇ ಮಲಗಿ, ಮನೆಯವರು ಹೆಸರು ಕರೆದರೆ ಓಡಿಬರುವ ನಾಯಿಗಳು ಎಷ್ಟೋ ಇವೆ. ಅದು ಸಾಕಿದ ನಾಯಿಯೇ ಅಲ್ವಾ? ಮೂರು ಪ್ರಶ್ನೆಗಳಿಂದ ತೀರ್ಮಾನಿಸುತ್ತೇವೆ: ಹೆಸರಿಟ್ಟಿದ್ದೀರಾ, ಇಂಜೆಕ್ಷನ್ ಹಾಕಿಸಿದ್ದೀರಾ, ಹುಷಾರಿಲ್ಲದಾಗ ಡಾಕ್ಟರ ಹತ್ತಿರ ನೀವೇ ಒಯ್ಯುತ್ತೀರಾ. ಮೂರಕ್ಕೂ ಹೌದು ಅಂದರೆ ಮೊದಲ ಗುಂಪು. ಉಳಿದವರನ್ನು ಬೇರೆ ಪಟ್ಟಿಯಲ್ಲಿ ಇಡುತ್ತೇವೆ, ಮುಖ್ಯ ಹೋಲಿಕೆಗೆ ಸೇರಿಸುವುದಿಲ್ಲ.

ಎಷ್ಟು ಜನ

ನಾಯಿಯಿಂದ ಆಗುವ ವ್ಯತ್ಯಾಸ ಮಧ್ಯಮಕ್ಕಿಂತ ಸ್ವಲ್ಪ ಚಿಕ್ಕದು, ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಪ್ರಮಾಣ ವಿಚಲನೆಯ 0.4ರಷ್ಟು ಎಂದು ಇಟ್ಟುಕೊಂಡಿದ್ದೇವೆ. ಅಂಥ ವ್ಯತ್ಯಾಸ ನಿಜಕ್ಕೂ ಇದ್ದರೆ ಅದನ್ನು ಶೇ. 80ರ ಖಾತ್ರಿಯಲ್ಲಿ ಹಿಡಿಯಲು, ಇಲ್ಲದ ವ್ಯತ್ಯಾಸವನ್ನು ಇದೆ ಅಂದುಬಿಡುವ ಸಾಧ್ಯತೆಯ ಮಿತಿಯನ್ನು, ಅಂದರೆ ಮಹತ್ವದ ಮಟ್ಟವನ್ನು, 0.05 ಇಟ್ಟರೆ, ಗುಂಪಿಗೆ ಸುಮಾರು 100 ಜನ ಬೇಕು. ನಡುವೆ ಶೇ. 15ರಷ್ಟು ಜನ ಬಿಟ್ಟುಹೋಗಬಹುದು. ಹಾಗಾಗಿ ಗುಂಪಿಗೆ 120, ಒಟ್ಟು 360 ವಿದ್ಯಾರ್ಥಿಗಳು. ಎಲ್ಲರೂ ಎರಡನೇ ವರ್ಷದ ಬಿಎ, ಬಿಎಸ್ಸಿ, ಬಿಕಾಂ ಓದುವವರು, 18 ತುಂಬಿದವರು. ಮೊದಲ ವರ್ಷದವರಿಗೆ ಕಾಲೇಜೇ ಹೊಸದು, ಕೊನೆಯ ವರ್ಷದವರಿಗೆ ಕೆಲಸದ ಚಿಂತೆ. ಅದಕ್ಕೇ ನಡುವಿನವರು.

ಆಯ್ಕೆಗೆ ಒಂದು ಪುಟದ ನಮೂನೆ ಇದೆ. ‘ನಿಮ್ಮ ಮನೆಯಲ್ಲಿ ಏನೇನಿದೆ?’ ಎಂಬ ಪಟ್ಟಿಯಲ್ಲಿ ಬೈಕ್, ಸ್ವಂತ ರೂಮು, ಲ್ಯಾಪ್‌ಟಾಪ್, ಹಸು, ಬೆಕ್ಕು, ನಾಯಿ ಎಲ್ಲ ಒಟ್ಟಿಗೆ ಬರುತ್ತವೆ. ಪ್ರತಿಯೊಂದರ ಮುಂದೆ ‘ಇದೆ’, ‘ಬೇಕು, ಆದರೆ ಇಲ್ಲ’, ‘ಬೇಡ’ ಎಂಬ ಮೂರು ಖಾನೆ. ಅಧ್ಯಯನ ನಾಯಿಯ ಬಗ್ಗೆ ಎಂದು ಮೊದಲೇ ಗೊತ್ತಾದರೆ ನಾಯಿಪ್ರಿಯರು ತಮ್ಮ ನಾಯಿಯ ಪರವಾಗಿಯೇ ಉತ್ತರ ಬರೆಯುತ್ತಾರೆ. ವಿದ್ಯಾರ್ಥಿಗಳಿಗೆ ಕಾಣುವ ಹೆಸರು ‘ಪದವಿ ವಿದ್ಯಾರ್ಥಿಗಳ ದಿನಚರಿ ಮತ್ತು ಒತ್ತಡ’. ನಿಜವಾದ ಪ್ರಶ್ನೆ ಏನಿತ್ತು ಎಂಬುದನ್ನು ಕೊನೆಯಲ್ಲಿ ಎಲ್ಲರಿಗೂ ತಿಳಿಸುತ್ತೇವೆ. ತಮ್ಮ ಮಾಹಿತಿ ಬಳಸಬೇಡಿ ಅಂದವರದನ್ನು ಆಗಲೂ ತೆಗೆದುಹಾಕುತ್ತೇವೆ.

ಒತ್ತಡ ಅಳೆಯುವುದು ಹೇಗೆ

ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಗ್ರಹಿಸಿದ ಒತ್ತಡದ ಮಾಪನದ ಹತ್ತು ಪ್ರಶ್ನೆಗಳ ರೂಪ, ಪಿಎಸ್‌ಎಸ್-10, ಬಳಸುತ್ತೇವೆ. ಕಳೆದ ಒಂದು ತಿಂಗಳಲ್ಲಿ ಎಷ್ಟು ಸಲ ಹಾಗೆ ಅನ್ನಿಸಿತು ಎಂದು ಅದು ಕೇಳುತ್ತದೆ. ಪ್ರತಿ ಪ್ರಶ್ನೆಗೆ 0ಯಿಂದ 4, ಒಟ್ಟು 0ಯಿಂದ 40. ನಾಲ್ಕು ಪ್ರಶ್ನೆಗಳು ಧೈರ್ಯದ ಕಡೆಯಿಂದ ಕೇಳುವಂಥವು. ಅವುಗಳ ಅಂಕ ತಿರುಗಿಸಿ ಕೂಡಬೇಕು.

ಅನುವಾದದಲ್ಲಿ ನಮಗೆ ಒಂದು ಪಾಠ ಸಿಕ್ಕಿತು. ಮೊದಲ ಕರಡಿನಲ್ಲಿ ‘ಒತ್ತಡಕ್ಕೊಳಗಾದಿರಿ’ ಎಂದು ಬರೆದಿದ್ದೆವು. ಓದಿ ನೋಡಲು ಕೊಟ್ಟಾಗ ಒಬ್ಬ ಹುಡುಗ ‘ಮೇಡಂ, ಇದು ಬಿಪಿ ಪ್ರಶ್ನೆನಾ?’ ಅಂದ. ರಕ್ತದೊತ್ತಡ ಅಂದುಕೊಂಡಿದ್ದ. ಪಕ್ಕದಲ್ಲಿದ್ದವಳು ‘ಟೆನ್ಷನ್ ಅಂತ ಬರೆದ್ರೆ ಎಲ್ರಿಗೂ ಗೊತ್ತಾಗುತ್ತೆ’ ಅಂದಳು. ಈಗಿನ ಕರಡಿನಲ್ಲಿ ‘ತುಂಬಾ ಟೆನ್ಷನ್ ಆಯಿತು’ ಅಂತಲೇ ಇದೆ. ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರು ಇಂಗ್ಲಿಷಿಗೆ ಮರಳಿ ತರುತ್ತಾರೆ. ಎರಡನ್ನೂ ಹೋಲಿಸಿ ತಿದ್ದಿ, 30 ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ, ಆಮೇಲೆಯೇ ಬಳಕೆ. ಈ ಮೂವತ್ತು ಜನ ಮುಖ್ಯ ಅಧ್ಯಯನದಲ್ಲಿ ಇರುವುದಿಲ್ಲ.

ಅಳತೆ ಮೂರು ಸಲ: ಸೆಮಿಸ್ಟರ್‌ನ ಮೂರನೇ ವಾರ, ಮೊದಲ ಇಂಟರ್ನಲ್ಸ್ ಮುಗಿದ ಮರುದಿನ, ಅಂತಿಮ ಪರೀಕ್ಷೆಗೆ ಒಂದು ವಾರ ಮೊದಲು. ನಡುವೆ ಕನಿಷ್ಠ ಐದು ವಾರ ಅಂತರವಿರುತ್ತದೆ. ಇಲ್ಲದಿದ್ದರೆ ‘ಕಳೆದ ಒಂದು ತಿಂಗಳು’ ಒಂದರ ಮೇಲೊಂದು ಬೀಳುತ್ತದೆ.

ಕಾರ್ಟಿಸಾಲ್ ಅಳೆಯುವ ಆಲೋಚನೆ ಕೈಬಿಟ್ಟಿದ್ದೇವೆ. ಎದ್ದ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಅದು ಏರಿ ಆಮೇಲೆ ಇಳಿಯುತ್ತದೆ. ಎಂಟೂವರೆ ಬಸ್ಸು ಹಿಡಿದು ಬರುವವರಿಂದ ಒಂದೇ ಹೊತ್ತಿಗೆ ಮಾದರಿ ತೆಗೆಯಲು ನಮ್ಮಿಂದಾಗದು. ಅರೆಬರೆ ಅಳೆಯುವುದಕ್ಕಿಂತ ಅಳೆಯದಿರುವುದು ಲೇಸು.

ಎರಡು ವಾರದ ದಿನಚರಿ

‘ನಾಯಿ ಇದೆ’ ಗುಂಪಿನಿಂದ ಚೀಟಿ ಎತ್ತಿ 60 ಜನರನ್ನು ಆರಿಸುತ್ತೇವೆ. ಇಂಟರ್ನಲ್ಸ್ ವಾರವೂ ಸೇರುವಂತೆ 14 ದಿನ, ರಾತ್ರಿ ಒಂಬತ್ತಕ್ಕೆ ಫೋನಿಗೆ ನಾಲ್ಕು ಪ್ರಶ್ನೆ: ಇವತ್ತು ನಾಯಿ ಜೊತೆ ಎಷ್ಟು ನಿಮಿಷ ಕಳೆದಿರಿ, ಹೊರಗೆ ಕರೆದೊಯ್ದವರು ಯಾರು, ನಾಯಿಯಿಂದ ತೊಂದರೆ ಆಯಿತೇ, ಈಗ ಟೆನ್ಷನ್ 0ಯಿಂದ 10ರಲ್ಲಿ ಎಷ್ಟು. ‘ತೊಂದರೆ’ ಪ್ರಶ್ನೆಯನ್ನು ನಾನು ಹಟ ಹಿಡಿದು ಸೇರಿಸಿದ್ದೇನೆ. ನಾಯಿ ಕೊಡುವ ಖುಷಿಯನ್ನು ಮಾತ್ರ ಕೇಳಿ ಕಷ್ಟ ಕೇಳದಿದ್ದರೆ ಉತ್ತರ ನಾವೇ ಬರೆದುಕೊಂಡಂತೆ.

ಇದರ ಲಾಭವೆಂದರೆ ಒಬ್ಬ ವಿದ್ಯಾರ್ಥಿಯನ್ನು ಅವನ ಜೊತೆಗೇ ಹೋಲಿಸಬಹುದು. ನಾಯಿ ಜೊತೆ ಹೆಚ್ಚು ಹೊತ್ತು ಇದ್ದ ದಿನ ಟೆನ್ಷನ್ ಕಡಿಮೆಯೇ? ಅಥವಾ ಟೆನ್ಷನ್ ಜಾಸ್ತಿ ಇದ್ದ ದಿನವೇ ನಾಯಿ ಹತ್ತಿರ ಹೋಗಿ ಕೂರುತ್ತಾನೆಯೇ? ಎರಡೂ ಸಾಧ್ಯ. ಅದಕ್ಕಾಗಿ ಹಿಂದಿನ ರಾತ್ರಿಯ ಟೆನ್ಷನ್ ಅಂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ.

ಲೆಕ್ಕಾಚಾರ

ಮುಖ್ಯ ಲೆಕ್ಕ, ಒಬ್ಬರದೇ ಮೂರು ಅಳತೆಗಳನ್ನು ಒಟ್ಟಿಗೆ ನೋಡುವ ಮಿಶ್ರ ಪರಿಣಾಮದ ರೇಖೀಯ ಮಾದರಿಯಲ್ಲಿ, R ತಂತ್ರಾಂಶದ lme4 ಪ್ಯಾಕೇಜಿನಿಂದ:

```
lmer(stress ~ group * time + gender + income + house + travel
     + job + college + (1 | id), data = d)
```

ಇಲ್ಲಿ `house` ಅಂದರೆ ಸ್ವಂತ ಮನೆಯೋ ಬಾಡಿಗೆಯೋ, `travel` ಅಂದರೆ ಕಾಲೇಜಿಗೆ ಓಡಾಡುವ ಸಮಯ, `job` ಅಂದರೆ ಪಾರ್ಟ್‌ಟೈಮ್ ಕೆಲಸ. ವಾಕಿಂಗ್ ಸಮಯವನ್ನು ಬೇಕೆಂದೇ ಸೇರಿಸಿಲ್ಲ. ನಾಯಿ ಒತ್ತಡ ಇಳಿಸುವ ದಾರಿಯೇ ವಾಕಿಂಗ್ ಆಗಿದ್ದರೆ, ಅದನ್ನು ಕಳೆದುಬಿಟ್ಟರೆ ನಾಯಿಯ ಪಾಲೂ ಕಳೆದುಹೋಗುತ್ತದೆ.

ಮೊದಲ ನಿರೀಕ್ಷೆ: ಮೂರು ಅಳತೆಗಳ ಸರಾಸರಿಯಲ್ಲಿ ‘ನಾಯಿ ಇದೆ’ ಗುಂಪಿನ ಅಂಕ ‘ಬೇಕು, ಆದರೆ ಇಲ್ಲ’ ಗುಂಪಿಗಿಂತ ಕಡಿಮೆ ಇರುತ್ತದೆ. ಎರಡನೆಯದು: ಪರೀಕ್ಷೆ ಹತ್ತಿರ ಬಂದಂತೆ ನಾಯಿ ಇರುವವರ ಒತ್ತಡ ಅಷ್ಟು ಏರುವುದಿಲ್ಲ. ಮಾಹಿತಿ ಸಂಗ್ರಹಿಸುವ ಮೊದಲೇ ಇವೆರಡನ್ನೂ ದಾಖಲಿಸುತ್ತೇವೆ. ವ್ಯತ್ಯಾಸ ಕಾಣದಿದ್ದರೂ ಅದನ್ನೇ ವರದಿ ಮಾಡುತ್ತೇವೆ. ಕಂಡರೂ ‘ನಾಯಿಯಿಂದಲೇ ಆಯಿತು’ ಎಂದು ಬರೆಯುವುದಿಲ್ಲ, ‘ನಾಯಿ ಇರುವವರಲ್ಲಿ ಕಂಡಿತು’ ಎಂದಷ್ಟೇ ಬರೆಯುತ್ತೇವೆ.

ವಿದ್ಯಾರ್ಥಿಗಳ ಹಿತ

ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಅನುಮತಿ ಸಿಕ್ಕಿದ ಮೇಲೆಯೇ ಕೆಲಸ ಶುರು. ಒಪ್ಪಿಗೆ ಪತ್ರ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಪಾಠ ಮಾಡುವ ಅಧ್ಯಾಪಕರು ನಮೂನೆ ಹಂಚುವುದಿಲ್ಲ. ಇಂಟರ್ನಲ್ ಅಂಕ ಅವರ ಕೈಯಲ್ಲಿರುವಾಗ ‘ಇಷ್ಟವಿದ್ದರೆ ಮಾತ್ರ’ ಅನ್ನುವ ಮಾತಿಗೆ ಬೆಲೆ ಇಲ್ಲ. ಉತ್ತರ ಪತ್ರಿಕೆಯಲ್ಲಿ ಹೆಸರು ಇರುವುದಿಲ್ಲ, ಸಂಖ್ಯೆ ಮಾತ್ರ. ಹೆಸರು, ಸಂಖ್ಯೆ ಹೊಂದಿಸುವ ಪಟ್ಟಿ ಬೇರೆ ಕಪಾಟಿನಲ್ಲಿ ಬೀಗದೊಳಗೆ ಇರುತ್ತದೆ.

ಪಿಎಸ್‌ಎಸ್-10 ಕಾಯಿಲೆ ಪತ್ತೆಹಚ್ಚುವ ಪರೀಕ್ಷೆಯಲ್ಲ. ಆದರೂ 27 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರನ್ನು ತಂಡದ ಆಪ್ತಸಮಾಲೋಚಕರು ಒಂದು ವಾರದೊಳಗೆ ಖಾಸಗಿಯಾಗಿ ಮಾತನಾಡಿಸುತ್ತಾರೆ. ಟೆಲಿ ಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416 ಎಲ್ಲರ ಒಪ್ಪಿಗೆ ಪತ್ರದಲ್ಲೂ ದಪ್ಪಕ್ಷರದಲ್ಲಿ ಇದೆ.

ಅಧ್ಯಯನದ ನಡುವೆ ಯಾರದಾದರೂ ನಾಯಿ ಸತ್ತರೆ ಏನು ಮಾಡಬೇಕೆಂಬುದನ್ನೂ ಈಗಲೇ ನಿರ್ಧರಿಸಿದ್ದೇವೆ. ನಾಲ್ಕು ತಿಂಗಳಲ್ಲಿ 120 ನಾಯಿಗಳಲ್ಲಿ ಒಂದೆರಡಾದರೂ ಹೋಗಬಹುದು. ಆ ವಿದ್ಯಾರ್ಥಿ ಮುಖ್ಯ ಲೆಕ್ಕದಲ್ಲಿ ತನ್ನ ಗುಂಪಿನಲ್ಲೇ ಇರುತ್ತಾನೆ. ತೆಗೆದುಬಿಟ್ಟರೆ ನಾಯಿ ಸಾಕುವುದರ ದುಃಖದ ಪಾಲು ಲೆಕ್ಕದಿಂದ ಮಾಯವಾಗುತ್ತದೆ. ಅಂಥವರನ್ನು ಬಿಟ್ಟು ಇನ್ನೊಮ್ಮೆ ಲೆಕ್ಕ ಮಾಡಿ ಎರಡನ್ನೂ ತೋರಿಸುತ್ತೇವೆ. ದಿನಚರಿಯ ಸಂದೇಶಗಳನ್ನು ಅವತ್ತೇ ನಿಲ್ಲಿಸಬೇಕು. ‘ಇವತ್ತು ನಾಯಿ ಜೊತೆ ಎಷ್ಟು ನಿಮಿಷ ಕಳೆದಿರಿ’ ಎಂಬ ಪ್ರಶ್ನೆ ಆ ರಾತ್ರಿ ಆ ಫೋನಿಗೆ ಹೋಗಕೂಡದು.

ಸಮಯ ಮತ್ತು ಖರ್ಚು

ಜೂನ್, ಜುಲೈನಲ್ಲಿ ಅನುವಾದ, ಪೂರ್ವ ಪರೀಕ್ಷೆ. ಆಗಸ್ಟಿನಲ್ಲಿ ಆಯ್ಕೆ ಮತ್ತು ಮೊದಲ ಅಳತೆ, ಅಕ್ಟೋಬರಿನಲ್ಲಿ ಎರಡನೆಯದು ಮತ್ತು ದಿನಚರಿ, ಡಿಸೆಂಬರಿನಲ್ಲಿ ಮೂರನೆಯದು. ಜನವರಿಯಿಂದ ಮಾರ್ಚ್ ಲೆಕ್ಕ ಮತ್ತು ಬರವಣಿಗೆ. ಇಬ್ಬರು ಕ್ಷೇತ್ರ ಸಹಾಯಕರಿಗೆ ತಿಂಗಳಿಗೆ ತಲಾ 8,000 ರೂಪಾಯಿಯಂತೆ ಐದು ತಿಂಗಳಿಗೆ 80,000. ಅನುವಾದಕ್ಕೆ 12,000, ಮುದ್ರಣ ಮತ್ತು ಓಡಾಟಕ್ಕೆ 18,000, ಭಾಗವಹಿಸುವವರಿಗೆ ತಲಾ 50 ರೂಪಾಯಿಯ ನೋಟ್‌ಬುಕ್ಕಿಗೆ 18,000, ಫೋನ್ ಸಂದೇಶಗಳಿಗೆ 4,000. ಒಟ್ಟು 1,32,000 ರೂಪಾಯಿ.