ಮೊಟ್ಟೆಯಲ್ಲೇ ಕೊಲ್ಲು: ಬ್ರೂಟಸ್‌ನ ತೋಟದ ಸ್ವಗತ, ಸರಳ ಗದ್ಯದಲ್ಲಿ

ನಾಟಕ: ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್
ಭಾಗ: ಎರಡನೇ ಅಂಕ, ಮೊದಲ ದೃಶ್ಯ. ಬ್ರೂಟಸ್‌ನ ಸ್ವಗತ, 25 ಸಾಲು.

ಸಾಲುಗಳನ್ನು ಈ ಸ್ವಗತದ ಮೊದಲ ಸಾಲಿನಿಂದ ಎಣಿಸಿದ್ದೇನೆ. ನಿಮ್ಮ ಪುಸ್ತಕದ ಅಂಚಿನಲ್ಲಿ ಇರುವ ಸಂಖ್ಯೆ ಬೇರೆ ಇರುತ್ತದೆ, ಗಾಬರಿ ಬೇಡ. ಇಂಗ್ಲಿಷ್ ಪಾಠವನ್ನು ಪಕ್ಕದಲ್ಲಿ ಇಟ್ಟುಕೊಂಡೇ ಇದನ್ನು ಓದಿ.

ಎಲ್ಲಿ, ಯಾವಾಗ

ರೋಮ್ ನಗರ. ಬ್ರೂಟಸ್‌ನ ಮನೆಯ ತೋಟ. ಇನ್ನೂ ಕತ್ತಲು. ಅವನಿಗೆ ನಿದ್ದೆ ಹತ್ತಿಲ್ಲ. ನಕ್ಷತ್ರ ನೋಡಿ ಬೆಳಗಾಗಲು ಎಷ್ಟು ಹೊತ್ತಿದೆ ಎಂದು ಹೇಳಲೂ ಆಗುತ್ತಿಲ್ಲ. ಲೂಸಿಯಸ್ ಎಂಬ ಆಳು ಹುಡುಗನನ್ನು ಕೂಗಿ ಎಬ್ಬಿಸಿ, ಓದುವ ಕೋಣೆಯಲ್ಲಿ ದೀಪ ಹಚ್ಚಿಡು ಎಂದು ಕಳಿಸಿದ್ದಾನೆ. ಹುಡುಗ ದೀಪ ಹಚ್ಚಿ ಬರುವಷ್ಟರಲ್ಲಿ ಈ ಮಾತು ಮುಗಿಯುತ್ತದೆ. ಸೀಸರ್ ಎಂಬ ಒಬ್ಬ ಮನುಷ್ಯನ ಸಾವು ತೀರ್ಮಾನವಾಗುವುದು ಅಷ್ಟೇ ಹೊತ್ತಿನಲ್ಲಿ.

ಹಿಂದಿನ ಅಂಕದಲ್ಲಿ ಏನಾಯಿತು ಎಂಬುದು ನೆನಪಿರಲಿ. ಹಬ್ಬದ ದಿನ ಜನರ ಮುಂದೆ ಸೀಸರನ ಆಪ್ತ ಆಂಟನಿ ಅವನಿಗೆ ಮೂರು ಸಲ ಕಿರೀಟ ನೀಡಲು ಹೋದ. ಮೂರು ಸಲವೂ ಸೀಸರ್ ಬೇಡ ಎಂದ. ಆದರೆ ಅದನ್ನು ಬಿಡಲು ಅವನ ಬೆರಳಿಗೆ ಮನಸ್ಸಿರಲಿಲ್ಲ ಎಂಬಂತೆ ಅಲ್ಲಿದ್ದ ಕ್ಯಾಸ್ಕಾ ವರದಿ ಮಾಡಿದ. ಅತ್ತ ಸೀಸರನ ವಿರುದ್ಧ ಸಂಚು ಕಟ್ಟುತ್ತಿರುವ ಕ್ಯಾಸಿಯಸ್ ಬ್ರೂಟಸ್‌ನ ಕಿವಿ ಕಚ್ಚಿ ಆಗಿದೆ.

ಛಂದಸ್ಸಿನ ಬಗ್ಗೆ ಎರಡೇ ಮಾತು

ನಾಟಕ 1599ರ ಹೊತ್ತಿನದು. ಅಚ್ಚಾದದ್ದು 1623ರಲ್ಲಿ, ಶೇಕ್ಸ್‌ಪಿಯರ್ ತೀರಿಕೊಂಡ ಏಳು ವರ್ಷಕ್ಕೆ. ಭಾಷೆ ಬ್ಲ್ಯಾಂಕ್ ವರ್ಸ್. ಅಂದರೆ ಸಾಲಿಗೆ ಸುಮಾರು ಹತ್ತು ಉಚ್ಚಾರಾಂಶ, ಐದು ಒತ್ತು, ಪ್ರಾಸ ಇಲ್ಲ. ನಮ್ಮ ಸರಳ ರಗಳೆ ಇದರ ಹತ್ತಿರದ ನೆಂಟ. ಮಾತು ಸಾಲಿನ ಕೊನೆಗೇ ನಿಲ್ಲಬೇಕು ಎಂದೇನಿಲ್ಲ, ಮುಂದಿನ ಸಾಲಿನ ನಡುವೆ ಬಂದು ನಿಲ್ಲಬಹುದು. ಹಾಗಾಗಿ ಗದ್ಯ ಮಾಡುವಾಗ ಸಾಲು ಸಾಲಾಗಿ ಹೋಗಬೇಡಿ. ಪೂರ್ಣವಿರಾಮದಿಂದ ಪೂರ್ಣವಿರಾಮಕ್ಕೆ ಹೋಗಿ.

ಸರಳ ಗದ್ಯ

ಅವನು ಸಾಯಬೇಕು, ಅದು ಬಿಟ್ಟು ದಾರಿಯಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಅವನ ಮೇಲೆ ತಿರುಗಿ ಬೀಳಲು ನನಗೆ ಸ್ವಂತ ಕಾರಣ ಒಂದೂ ಗೊತ್ತಿಲ್ಲ. ಇರುವುದೆಲ್ಲ ಜನರ ಹಿತದ ಕಾರಣ. ಅವನಿಗೆ ಕಿರೀಟ ಬೇಕಾಗಿದೆ. ಕಿರೀಟ ತಲೆಗೆ ಬಂದರೆ ಅವನ ಸ್ವಭಾವ ಹೇಗೆ ಬದಲಾದೀತು? ಪ್ರಶ್ನೆ ಅದು. (1–4)

ಹಾವು ಹೊರಗೆ ಬರುವುದು ಒಳ್ಳೆಯ ಬಿಸಿಲು ಬಿದ್ದ ದಿನ. ಅಂಥ ದಿನವೇ ನಾವು ನೋಡಿ ಹೆಜ್ಜೆ ಇಡಬೇಕು. ಅವನಿಗೆ ಕಿರೀಟ ತೊಡಿಸುವುದೇ? ತೊಡಿಸಿದೆವು ಅಂತಲೇ ಇಟ್ಟುಕೊಳ್ಳೋಣ. ಆಗ ನಾವೇ ಅವನಿಗೆ ವಿಷದ ಹಲ್ಲು ಕೊಟ್ಟ ಹಾಗೆ, ಒಪ್ಪುತ್ತೇನೆ. ಮನಸ್ಸು ಬಂದಾಗ ಅದರಿಂದ ಅಪಾಯ ಮಾಡುವ ಶಕ್ತಿ ಅವನಿಗೆ ಬರುತ್ತದೆ. (5–8)

ದೊಡ್ಡಸ್ತಿಕೆ ಕೆಡುವುದು ಯಾವಾಗ? ಅಧಿಕಾರ ಒಂದು ಕಡೆ, ಕನಿಕರ ಇನ್ನೊಂದು ಕಡೆ ಆದಾಗ. ಆದರೆ ಸೀಸರನ ವಿಷಯದಲ್ಲಿ ನಿಜ ಹೇಳಬೇಕೆಂದರೆ, ಅವನ ವಿವೇಕಕ್ಕಿಂತ ಅವನ ಮನೋವಿಕಾರಗಳೇ ಮೇಲುಗೈಯಾದದ್ದನ್ನು ನಾನು ಇವತ್ತಿನವರೆಗೆ ಕಂಡಿಲ್ಲ. (9–12)

ಆದರೂ ಎಲ್ಲರೂ ಕಂಡ ಮಾತೊಂದಿದೆ. ಮೇಲೇರುವ ಆಸೆ ಎಳೆಯದಾಗಿರುವಾಗ ವಿನಯವೇ ಅದಕ್ಕೆ ಏಣಿ. ಹತ್ತುವವನು ಮುಖವನ್ನು ಏಣಿಯ ಕಡೆಗೇ ಇಟ್ಟುಕೊಂಡಿರುತ್ತಾನೆ. ಕೊನೆಯ ಮೆಟ್ಟಿಲು ಸಿಕ್ಕಿತೋ, ಏಣಿಗೆ ಬೆನ್ನು ತಿರುಗಿಸುತ್ತಾನೆ. ಮೋಡ ನೋಡುತ್ತಾನೆ. ಯಾವ ಕೆಳಗಿನ ಮೆಟ್ಟಿಲು ತುಳಿದು ಮೇಲೆ ಬಂದನೋ ಅವೇ ಅವನಿಗೆ ಕೀಳಾಗಿ ಕಾಣುತ್ತವೆ. ಸೀಸರನೂ ಹೀಗೆ ಮಾಡಿಯಾನು. (12–18)

ಮಾಡಿಯಾನು ಅಂತಲೇ, ಮಾಡುವ ಮುಂಚೆ ತಡೆಯಬೇಕು. ಈಗ ಅವನು ಇರುವ ರೀತಿ ನೋಡಿದರೆ ನಮ್ಮ ಆಪಾದನೆಗೆ ಯಾವ ನೆಪವೂ ನಿಲ್ಲುವುದಿಲ್ಲ. ಆದ್ದರಿಂದ ಮಾತನ್ನು ಹೀಗೆ ಹೊಂದಿಸೋಣ: ಅವನು ಈಗ ಏನಾಗಿದ್ದಾನೋ ಅದೇ ಇನ್ನಷ್ಟು ಬೆಳೆದರೆ ಇಂಥ ಇಂಥ ಅತಿರೇಕಕ್ಕೆ ಹೋದೀತು. ಹಾಗಾಗಿ ಅವನನ್ನು ಹಾವಿನ ಮೊಟ್ಟೆ ಎಂದುಕೊ. ಒಡೆದು ಮರಿಯಾದರೆ ತನ್ನ ಜಾತಿಗುಣದಂತೆ ಕೇಡು ಮಾಡುತ್ತದೆ. ಚಿಪ್ಪಿನ ಒಳಗಿರುವಾಗಲೇ ಕೊಂದುಬಿಡು. (19–25)

ವಿವರಣೆ

ಮೊದಲ ಸಾಲಿನಲ್ಲೇ ತೀರ್ಪು ಬಂದಿದೆ. ವಿಚಾರಣೆ ಆಮೇಲೆ ಶುರುವಾಗುತ್ತದೆ. ನಿಮ್ಮ ಗದ್ಯದಲ್ಲೂ ಈ ಕ್ರಮ ಹಾಗೇ ಇರಬೇಕು. ತುಂಬಾ ಜನ ವಿದ್ಯಾರ್ಥಿಗಳು ಕಾರಣಗಳನ್ನು ಮೊದಲು ಬರೆದು, ಕೊನೆಗೆ 'ಆದ್ದರಿಂದ ಸೀಸರ್ ಸಾಯಬೇಕು' ಎಂದು ಮುಗಿಸುತ್ತಾರೆ. ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಬ್ರೂಟಸ್ ಆಡಿದ ಮಾತಲ್ಲ, ಬ್ರೂಟಸ್‌ಗೆ ನೀವು ಬರೆದುಕೊಟ್ಟ ವಕಾಲತ್ತು.

ಇನ್ನು ಪದಗಳು. ಈ 25 ಸಾಲಿನಲ್ಲಿ ಕಷ್ಟದ ಪದ ಕಡಿಮೆ, ಮೋಸದ ಪದ ಜಾಸ್ತಿ. ನಮಗೆ ಗೊತ್ತಿರುವ ಪದವೇ, ಅರ್ಥ ಮಾತ್ರ ನಾನೂರು ವರ್ಷದಲ್ಲಿ ಜಾರಿದೆ. 10ನೇ ಸಾಲಿನ ರಿಮೋರ್ಸ್ ಇವತ್ತು ಪಶ್ಚಾತ್ತಾಪ. ಇಲ್ಲಿ ಅದು ಕನಿಕರ. ಪಶ್ಚಾತ್ತಾಪ ಎಂದು ಬರೆದರೆ ಸೀಸರ್ ಆಗಲೇ ತಪ್ಪು ಮಾಡಿದ್ದಾನೆ ಎಂದಾಗುತ್ತದೆ, ಇಡೀ ವಾದವೇ ಅಡಿಮೇಲು. 11ನೇ ಸಾಲಿನ ಅಫೆಕ್ಷನ್ಸ್ ಪ್ರೀತಿಯಲ್ಲ, ಮನಸ್ಸಿನ ಆವೇಗ. 12ರ ಪ್ರೂಫ್ ಸಾಕ್ಷಿಯಲ್ಲ, ಅನುಭವ. 17ರ ಡಿಗ್ರೀಸ್ ಏಣಿಯ ಮೆಟ್ಟಿಲು. 20ರ ಕಲರ್ ಬಣ್ಣವಲ್ಲ, ನೆಪ. 24ರ ಮಿಸ್ಚಿವಸ್ ತುಂಟತನವಲ್ಲ, ಕೇಡು. ಹಾವಿನ ಮರಿ ತುಂಟಾಟ ಮಾಡುತ್ತದೆ ಎಂದು ಬರೆದ ಉತ್ತರ ಪತ್ರಿಕೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. 3ನೇ ಸಾಲಿನ ವುಡ್ ಕೂಡ ಹಾಗೇ. ಕಿರೀಟ ತೊಡುತ್ತಿದ್ದ ಅಂತಲ್ಲ, ತೊಡಬೇಕೆಂಬ ಇಷ್ಟ ಅವನಿಗಿದೆ ಅಂತ.

6ನೇ ಸಾಲಿನ ಕೊನೆಯಲ್ಲಿ ಮಾತು ಮುರಿಯುತ್ತದೆ. ಕಿರೀಟ ತೊಡಿಸುವುದೇ, ಎಂದು ಕೇಳಿ, 'ಅದು' ಎಂಬಂಥ ಒಂದೇ ಪದ ಹೇಳಿ ನಿಲ್ಲುತ್ತಾನೆ. ಯೋಚಿಸುವ ಮನುಷ್ಯನ ಮಾತು ಹೀಗೇ ತುಂಡಾಗುತ್ತದೆ ಅಲ್ವಾ? ಗದ್ಯದಲ್ಲಿ ಇದನ್ನು ಇಸ್ತ್ರಿ ಹಾಕಿ ನೀಟು ಮಾಡಬೇಡಿ. ಒಂದು ಪ್ರಶ್ನೆ, ಒಂದು ಗಿಡ್ಡ ವಾಕ್ಯ, ಸಾಕು.

ಹಾವಿನ ವಿಷಯ. 5ನೇ ಸಾಲಿನ ಆ್ಯಡರ್ ಇಂಗ್ಲೆಂಡಿನ ಒಂದೇ ವಿಷದ ಹಾವು, ನಮ್ಮ ಕೊಳಕುಮಂಡಲದ ಕುಲದ್ದು. ಬಿಸಿಲು ಕಾಯಿಸಲು ಕಾಲುದಾರಿಗೆ ಬಂದು ಮಲಗುತ್ತದೆ. ಲಂಡನ್ನಿನ ಪ್ರೇಕ್ಷಕನಿಗೆ ಇದು ಪುಸ್ತಕದ ಉಪಮೆಯಲ್ಲ, ಹೊಲದ ಬದುವಿನಲ್ಲಿ ಕಂಡದ್ದು. ಒಂದು ತಮಾಷೆ ಎಂದರೆ ಆ್ಯಡರ್ ಮೊಟ್ಟೆ ಇಡುವುದಿಲ್ಲ, ಕೊಳಕುಮಂಡಲದ ಹಾಗೇ ನೇರ ಮರಿ ಹಾಕುತ್ತದೆ. ಕೊನೆಗೆ ಬ್ರೂಟಸ್‌ಗೆ ಮೊಟ್ಟೆ ಬೇಕಾದಾಗ ಅವನು ಹೇಳುವುದು ಬರೀ ಸರ್ಪ. ಇದನ್ನು ಪರೀಕ್ಷೆಯಲ್ಲಿ ಬರೆಯಬೇಕಿಲ್ಲ, ಸುಮ್ನೆ ಹೇಳಿದೆ. 7ನೇ ಸಾಲಿನ ಸ್ಟಿಂಗ್ ಪದಕ್ಕೆ 'ಕೊಂಡಿ' ಎಂದರೆ ಕನ್ನಡದಲ್ಲಿ ಚೇಳು ಕಣ್ಣೆದುರು ಬರುತ್ತದೆ. ಅದಕ್ಕೇ 'ವಿಷದ ಹಲ್ಲು' ಎಂದು ಮಾಡಿದ್ದೇನೆ.

ಏಣಿಯ ಸಾಲುಗಳಲ್ಲಿ ಕನ್ನಡವೇ ನಮಗೆ ಗುಂಡಿ ತೋಡುತ್ತದೆ. 'ಹತ್ತಿದ ಏಣಿಯನ್ನೇ ಒದೆಯುವುದು' ಎಂಬ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ. ಬಹಳ ಮಂದಿ ಅದನ್ನೇ ಬರೆಯುತ್ತಾರೆ. ಬ್ರೂಟಸ್‌ನ ಮನುಷ್ಯ ಒದೆಯುವುದಿಲ್ಲ. ಬೆನ್ನು ತಿರುಗಿಸುತ್ತಾನೆ, ಅಷ್ಟೇ. ಏಣಿ ಅಲ್ಲೇ ನಿಂತಿರುತ್ತದೆ. ಒದೆಯುವವನು ದ್ರೋಹಿ. ಬೆನ್ನು ತಿರುಗಿಸಿದವನು ಮರೆತವನೂ ಇರಬಹುದು, ಸೊಕ್ಕಿದವನೂ ಇರಬಹುದು. ಸೀಸರನ ಮೇಲೆ ದ್ರೋಹ ಹೊರಿಸುವಷ್ಟು ಸಾಮಗ್ರಿ ಬ್ರೂಟಸ್‌ನ ಹತ್ತಿರ ಇಲ್ಲ. ಇಲ್ಲದ್ದನ್ನು ನಾವು ಗಾದೆಮಾತಿನ ಜೋರಿನಲ್ಲಿ ಕೊಟ್ಟುಬಿಡುತ್ತೇವೆ.

18 ಮತ್ತು 19ನೇ ಸಾಲು ಈ ಭಾಷಣದ ಕೀಲು. ಎರಡು ಸಲ ಬರುವ 'ಮೇ' ಪದದ ಮೇಲೆ ಎಲ್ಲ ಭಾರ ಬಿದ್ದಿದೆ. ಇಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಓದಿದ್ದೀರಲ್ಲ: ಮಾಡಿಯಾನು, ಬಂದೀತು, ಬಿದ್ದಾನು. 'ಮಗು ಬಿದ್ದೀತು, ಹಿಡ್ಕೋ' ಎನ್ನುವಾಗ ಅಜ್ಜಿಯರು ಬಳಸುವ ರೂಪ ಅದು. ಮಗು ಬಿದ್ದಿಲ್ಲ, ಬೀಳುತ್ತದೆ ಅಂತಲೂ ಇಲ್ಲ. ಬಿದ್ದರೆ ಎಂಬ ಹೆದರಿಕೆ ಮಾತ್ರ. 'ಮಾಡುತ್ತಾನೆ' ಎಂದು ಬರೆದ ಕೂಡಲೇ ಸೀಸರ್ ಅಪರಾಧಿಯಾಗುತ್ತಾನೆ, ಬ್ರೂಟಸ್ ಬುದ್ಧಿವಂತನಾಗುತ್ತಾನೆ. 'ಮಾಡಿಯಾನು' ಎಂದು ಬರೆದರೆ ಒಂದು ಹೆದರಿಕೆಗೆ ಒಬ್ಬನನ್ನು ಕೊಲ್ಲಲು ಹೊರಟಿದ್ದಾನೆ ಎಂಬುದು ಕಾಣುತ್ತದೆ. ಕವಿ, ವಿಮರ್ಶಕ ಕೋಲರಿಜ್‌ನಂಥ ಓದುಗನೇ ಈ ಸ್ವಗತದ ಮುಂದೆ ತಲೆ ಕೆರೆದುಕೊಂಡಿದ್ದ. ಸೀಸರ್ ಸೈನ್ಯ ಕಟ್ಟಿಕೊಂಡು ರೂಬಿಕಾನ್ ನದಿ ದಾಟಿ ರೋಮ್ ಮೇಲೆಯೇ ಬಂದವನು, ಅವನಲ್ಲಿ ಇವತ್ತಿನವರೆಗೆ ತಪ್ಪು ಕಾಣಲಿಲ್ಲ ಎಂದು ಬ್ರೂಟಸ್ ಹೇಗೆ ಹೇಳುತ್ತಾನೆ ಎಂಬುದು ಅವನ ಗೊಂದಲ. ಅಂಥವನಿಗೇ ಬಿಡಿಸಲಾಗದ ಗಂಟನ್ನು ಗದ್ಯ ಮಾಡುವ ನೆಪದಲ್ಲಿ ನಾವು ಬಿಚ್ಚಿ ಇಡುವುದು ಬೇಡ. ಗಂಟು ಗಂಟಾಗಿಯೇ ಇರಲಿ.

21ನೇ ಸಾಲಿನ ಫ್ಯಾಷನ್ ಪದವನ್ನು ಗಮನಿಸಿ. ಕುಂಬಾರ ಮಡಕೆಗೆ ಆಕಾರ ಕೊಡುವ ಹಾಗೆ ಮಾತಿಗೆ ಆಕಾರ ಕೊಡುವುದು. ತಾನು ವಾದವನ್ನು ಕಟ್ಟುತ್ತಿದ್ದೇನೆ ಎಂದು ಬ್ರೂಟಸ್ ತಾನೇ ಹೇಳುತ್ತಾನೆ. ಅದಕ್ಕೇ 'ಹೊಂದಿಸೋಣ' ಎಂದಿದ್ದೇನೆ. ನಿಮಗೆ ಇನ್ನೂ ಒಳ್ಳೆಯ ಪದ ಹೊಳೆದರೆ ಅದನ್ನೇ ಬರೆಯಿರಿ, ಆದರೆ 'ಸಾಬೀತು ಮಾಡೋಣ' ಮಾತ್ರ ಬೇಡ.

22ನೇ ಸಾಲಿನ 'ಇಂಥ ಇಂಥ ಅತಿರೇಕ' ಮೂಲದಲ್ಲೂ ಹಾಗೇ ಇದೆ. ಯಾವ ಅತಿರೇಕ? ಹೇಳುವುದಿಲ್ಲ. ಜಾಗ ಖಾಲಿ. 'ಜನರನ್ನು ಗುಲಾಮರಾಗಿ ಮಾಡಿಯಾನು' ಎಂದು ಅಲ್ಲಿ ತುಂಬಲು ಕೈ ತುರಿಸುತ್ತದೆ, ತುಂಬಬೇಡಿ. ಸ್ವಗತ ಮುಗಿದ ಕೂಡಲೇ ಲೂಸಿಯಸ್ ವಾಪಸ್ ಬರುತ್ತಾನೆ, ಕೈಯಲ್ಲಿ ಕಿಟಕಿಯ ಹತ್ತಿರ ಸಿಕ್ಕಿದ ಮುದ್ರೆ ಹಾಕಿದ ಕಾಗದ. ಅದನ್ನು ಹಾಕಿಸಿದವನು ಕ್ಯಾಸಿಯಸ್. ಬ್ರೂಟಸ್ ಒಡೆದು ಓದುತ್ತಾನೆ. ಅದರಲ್ಲೂ ಒಂದು ಖಾಲಿ ಜಾಗ: 'ರೋಮ್, ಇತ್ಯಾದಿ' ಎಂದು ನಿಂತುಬಿಟ್ಟಿದೆ. ಇದನ್ನು ನಾನು ಹೀಗೆ ಪೂರ್ತಿ ಮಾಡಬೇಕು ಎಂದು ಬ್ರೂಟಸ್ ತಾನೇ ವಾಕ್ಯ ಸೇರಿಸುತ್ತಾನೆ: ರೋಮ್ ಒಬ್ಬ ಮನುಷ್ಯನಿಗೆ ಹೆದರಿ ಬಾಳಬೇಕೇ? ತನ್ನ ಮಾತಿನಲ್ಲಿ ಬಿಟ್ಟ ಜಾಗವನ್ನು ಅವನು ತುಂಬಲೇ ಇಲ್ಲ. ಬೇರೆಯವನ ಕಾಗದದಲ್ಲಿ ಬಿಟ್ಟ ಜಾಗವನ್ನು ಓದುತ್ತಾ ಓದುತ್ತಾ ತುಂಬಿಬಿಟ್ಟ.